ತಿರುವಿನಲ್ಲಿ ಜಾರಿದ ಚೀಲ: ಲೆಕ್ಕ ರಸ್ತೆಯಿಂದಲೋ, ರಿಕ್ಷಾದೊಳಗಿಂದಲೋ?

ಪುಣೆಯಲ್ಲಿ ರಿಕ್ಷಾ ಎಡಕ್ಕೆ ತಿರುಗಿತು. ಸೀಟಿನ ಮೇಲಿದ್ದ 4 ಕೆಜಿ ಅಕ್ಕಿ ಚೀಲ ಬಲಕ್ಕೆ ಜಾರಿ ಅಕ್ಕನ ಮಗಳಿಗೆ ತಾಗಿತು. "ಯಾರು ತಳ್ಳಿದ್ದು ಮಾಮಾ?" ಎಂದಳು.

ವೇಗ ಸೆಕೆಂಡಿಗೆ 5 ಮೀಟರ್, ತಿರುವಿನ ತ್ರಿಜ್ಯ 10 ಮೀಟರ್ ಅಂದುಕೊಳ್ಳಿ. ಚೀಲ ಹೀಗೆ ತಿರುಗಲು ಬೇಕಾದ ಬಲ mv²/r, ಅಂದರೆ 4 × 5² ÷ 10 = 10 ನ್ಯೂಟನ್.

ರಸ್ತೆಯಲ್ಲಿ ನಿಂತವರು ಹೇಳುವುದು ಇಷ್ಟು: ಚೀಲ ಜೊತೆಗೇ ತಿರುಗಲು ಒಳಮುಖವಾಗಿ 10 ನ್ಯೂಟನ್ ಬೇಕು. ಸೀಟಿನ ಘರ್ಷಣೆ ಕೊಡುವುದು ಹೆಚ್ಚೆಂದರೆ 8. ಸಾಲಲಿಲ್ಲ, ಚೀಲ ರಿಕ್ಷಾದಷ್ಟು ತಿರುಗಲಿಲ್ಲ. ಹೊರಕ್ಕೆ ಯಾರೂ ತಳ್ಳಲೇ ಇಲ್ಲ.

ಒಳಗೆ ಕೂತವರಿಗೆ ರಿಕ್ಷಾ ನಿಂತೇ ಇದೆ, ಚೀಲ ಮಾತ್ರ ಸುಮ್ನೆ ಜಾರುತ್ತಿದೆ. ನ್ಯೂಟನ್ ನಿಯಮ ಕೂಡಿಬರಬೇಕಾದರೆ ಹೊರಮುಖವಾಗಿ 10 ನ್ಯೂಟನ್ ಸೇರಿಸಲೇಬೇಕು. ಅದೇ ಕೇಂದ್ರಾಪಗಾಮಿ ಬಲ. ಸೀಟು ಚೀಲವನ್ನು ಎಳೆದರೆ ಚೀಲವೂ ಸೀಟನ್ನು ಎಳೆಯುತ್ತದೆ, ಅಲ್ವಾ? ಈ 10 ನ್ಯೂಟನ್‌ಗೆ ಅಂಥ ಜೋಡಿ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಮಿಥ್ಯಾಬಲ ಅನ್ನುವುದು. ಜಾರಿದ್ದು ಮಾತ್ರ ನಿಜ.

ಚೀಲ ಜಾರುತ್ತದೋ ಇಲ್ಲವೋ ಎಂದಷ್ಟೇ ನೋಡಬೇಕಿದ್ದರೆ ಒಳಗಿನ ಲೆಕ್ಕ ನನಗೆ ಇಷ್ಟ: 10 ಹೊರಕ್ಕೆ, 8 ಒಳಕ್ಕೆ, ಮುಗಿಯಿತು. ಜಾರತೊಡಗಿದ ಮೇಲೆ, ತಿರುಗುವ ರಿಕ್ಷಾದೊಳಗೆ ಚಲಿಸುವ ವಸ್ತುವಿಗೆ ಮಾತ್ರ ಬರುವ ಇನ್ನೊಂದು ಮಿಥ್ಯಾಬಲವಾದ ಕೊರಿಯಾಲಿಸ್ ಬಲವನ್ನೂ ಸೇರಿಸಬೇಕು. ಆಗ ರಸ್ತೆಗೆ ಇಳಿದು ನೋಡುವುದೇ ಸುಲಭ.