ಒಂದೇ ವರ್ಷಕ್ಕೆ ಮೂರು ಅಧಿಪತಿಗಳು

ಧಾರವಾಡದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮೂಲೆಯಲ್ಲಿ ನನ್ನ ಜಾತಕದ ಹಳೆಯ ಹಾಳೆಯೂ ಇದೆ. ಹುಟ್ಟಿದ್ದು 1987ರ ಫೆಬ್ರವರಿ 25ರ ಸಂಜೆ 7.25ಕ್ಕೆ. ನಮ್ಮ ಲೆಕ್ಕದಲ್ಲಿ ಸಿಂಹ ಲಗ್ನ, ಸುಮಾರು 25 ಡಿಗ್ರಿ. ಈ ಹಾಳೆ ಹಿಡಿದು 2020ರ ಫೆಬ್ರವರಿಯಿಂದ ಶುರುವಾದ ಒಂದು ವರ್ಷದ ಅಧಿಪತಿ ಯಾರು ಅಂತ ಎರಡು ಪದ್ಧತಿಯಲ್ಲಿ ನೋಡಿದೆ.

ಮೊದಲನೆಯದು ಗ್ರೀಕರ ವಾರ್ಷಿಕ ಪ್ರೊಫೆಕ್ಷನ್. ಎರಡನೇ ಶತಮಾನದ ವೆಟ್ಟಿಯಸ್ ವಾಲೆನ್ಸ್ ಕೂಡ ಬಳಸಿದ ಪದ್ಧತಿ. ಹುಟ್ಟಿನಿಂದ ಮೊದಲ ಹುಟ್ಟುಹಬ್ಬದವರೆಗೆ ಲಗ್ನದ ಮನೆ. ಆಮೇಲೆ ವರ್ಷಕ್ಕೊಂದು ಮನೆ ಮುಂದೆ. 12 ತುಂಬಿದಾಗ ಮತ್ತೆ ಲಗ್ನಕ್ಕೆ ಬರುತ್ತದೆ. ಬಂದ ರಾಶಿಯ ಒಡೆಯನೇ ವರ್ಷಾಧಿಪತಿ. ಅವನು ಹುಟ್ಟಿದ ಜಾತಕದಲ್ಲಿ ಎಲ್ಲಿ ಕೂತಿದ್ದಾನೆ ಅನ್ನೋದರಿಂದ ವರ್ಷವನ್ನು ಓದುತ್ತಾರೆ. ಅಷ್ಟೇ.

ಅಷ್ಟೇ ಅಂದರೂ ನಾನು ಮೊದಲೇ ಎಡವಿದೆ. "ಮೂವತ್ನಾಕರಾಗ ಬಿದ್ದೀಯಲ್ಲೋ" ಅಂತ ಕಾಕಾ ಅಂದಿದ್ದರು. ನಾನು 34 ಹಿಡಿದು 11ನೇ ಮನೆಗೆ ಹೋದೆ. ಆದರೆ ಬೇಕಾದದ್ದು ತುಂಬಿದ ವಯಸ್ಸು, ನಡೆಯುವ ವಯಸ್ಸಲ್ಲ. 33ನ್ನು 12ರಿಂದ ಭಾಗಿಸಿದರೆ ಉಳಿಯೋದು 9. ಲಗ್ನವನ್ನು ಸೊನ್ನೆ ಅಂದುಕೊಂಡು ಒಂಬತ್ತು ಮನೆ ಮುಂದೆ ಹೋದರೆ 10ನೇ ಮನೆ. ಹಸುಗೂಸಿನ ವಯಸ್ಸು ಸೊನ್ನೆ, ಮನೆ ಒಂದನೆಯದು. ಇದೊಂದು ನೆನಪಿದ್ದರೆ ತಪ್ಪೋದಿಲ್ಲ.

ಇನ್ನೊಂದು ತೊಡಕು ಇದೆ. ಸಿಂಹದಿಂದ ಹತ್ತನೆಯದು ವೃಷಭ, ಒಡೆಯ ಶುಕ್ರ. ಆದರೆ ಈಗ ಪ್ರೊಫೆಕ್ಷನ್ ಮಾಡೋ ಪಾಶ್ಚಾತ್ಯರು ಹೆಚ್ಚಾಗಿ ಸಾಯನ ರಾಶಿ, ಅಂದರೆ ನಕ್ಷತ್ರದ ಬದಲು ವಿಷುವದಿಂದ ಎಣಿಸೋ ರಾಶಿ ಹಿಡಿಯುತ್ತಾರೆ. ಎರಡರ ನಡುವಿನ ಅಂತರ, ಅಂದರೆ ಅಯನಾಂಶದ ಸುಮಾರು 24 ಡಿಗ್ರಿ ಸೇರಿಸಿದರೆ ನನ್ನ ಲಗ್ನ ಕನ್ಯಾ ಆಗುತ್ತದೆ. ಹತ್ತನೆಯದು ಮಿಥುನ, ಒಡೆಯ ಬುಧ. ಮನೆಯ ಸಂಖ್ಯೆ ಬದಲಾಗಲಿಲ್ಲ, ಒಡೆಯ ಬದಲಾದ!

ಎರಡನೆಯದು ಕಾಕಾ ಮಾಡೋ ತಾಜಿಕ ವರ್ಷಫಲ. ಜನ್ಮಲಗ್ನದಿಂದ ಹೊರಡೋ ಮುಂಥಾ ಅನ್ನೋ ಬಿಂದು ವರ್ಷಕ್ಕೊಂದು ರಾಶಿ ಸರಿಯೋದು ಹೆಚ್ಚುಕಡಿಮೆ ಪ್ರೊಫೆಕ್ಷನ್ನೇ. ಆ ಪದವೇ ಅರಬ್ಬಿ ಕಡೆಯಿಂದ ಬಂದದ್ದು. ಹಾಗಾಗಿ ಇಲ್ಲೂ ಮುಂಥಾ ವೃಷಭಕ್ಕೆ ಬಂತು. ಆದರೆ ಇಲ್ಲಿ ಶುಕ್ರನಿಗೆ ಪಟ್ಟ ಖಾತ್ರಿ ಇಲ್ಲ. ಅವನು ಒಬ್ಬ ಉಮೇದುವಾರ ಮಾತ್ರ. ನಾನು ಹುಟ್ಟಿದಾಗ ಇದ್ದ ಡಿಗ್ರಿಗೆ ಸೂರ್ಯ ಮರಳುವ ಕ್ಷಣಕ್ಕೆ ಹೊಸ ಕುಂಡಲಿ ಹಾಕಬೇಕು. ನನಗೆ ಅದು ಫೆಬ್ರವರಿ 26ರ ಬೆಳಗಿನ ಸುಮಾರು ಆರೂವರೆ, ಕುಂಭ ಲಗ್ನ. ಉಮೇದುವಾರರು ಐದು: ಜನ್ಮಲಗ್ನದ ಒಡೆಯ ರವಿ, ಮುಂಥಾದ ಶುಕ್ರ, ವರ್ಷಲಗ್ನದ ಶನಿ, ವರ್ಷಲಗ್ನದ ರಾಶಿಗೆ ಹಗಲು-ರಾತ್ರಿ ನೋಡಿ ಗೊತ್ತುಮಾಡೋ ತ್ರಿರಾಶಿಪತಿ ಗುರು. ಸೂರ್ಯೋದಯಕ್ಕೆ ಮೊದಲು, ಅಂದರೆ ರಾತ್ರಿಯಾದ್ದರಿಂದ ಐದನೆಯವನು ಚಂದ್ರ ಇದ್ದ ಮೀನದ ಒಡೆಯ, ಅವನೂ ಗುರುವೇ.

ಕಾಕಾ ಬಲದ ಲೆಕ್ಕ ಹಾಕಿದರು. ಸ್ವಂತ ಮಕರದಲ್ಲಿದ್ದ ಶನಿ ಎಲ್ಲರಿಗಿಂತ ಮುಂದೆ. ಶುಕ್ರ ಮೀನದ 27ನೇ ಡಿಗ್ರಿಯ ಹತ್ತಿರ, ಅಂದರೆ ಪರಮೋಚ್ಚ. ಆದರೂ ಇಬ್ಬರೂ ಬಿದ್ದರು. ವರ್ಷಲಗ್ನವನ್ನು ನೋಡದ ಗ್ರಹಕ್ಕೆ ಅಧಿಕಾರ ಇಲ್ಲ. ಲಗ್ನದಿಂದ ಶನಿ 12ರಲ್ಲಿ, ಶುಕ್ರ 2ರಲ್ಲಿ, ಎರಡೂ ದೃಷ್ಟಿ ಇಲ್ಲದ ಜಾಗ. ಧನುವಿನ ಗುರು 11ರಿಂದ ನೋಡುತ್ತಿದ್ದ. ಅವನೇ ವರ್ಷೇಶ.

ಒಂದೇ ವರ್ಷಕ್ಕೆ ಬುಧ, ಶುಕ್ರ, ಗುರು. ಯಾರನ್ನು ನಂಬಬೇಕು? ಸ್ವಕ್ಷೇತ್ರದ ಗುರು ಲಾಭದ ಮನೆಯಲ್ಲಿ ಅಂದಾಗ ಕಾಕಾಗೆ ಖುಷಿ. ನನ್ನ ಅಂಗಡಿ ಮಾತ್ರ ತಿಂಗಳು ಮುಚ್ಚಿತ್ತು. ಬುಧ ನನ್ನ ಸಾಯನ ಜಾತಕದಲ್ಲಿ ಮೀನದಲ್ಲಿ ನೀಚ, ವಕ್ರಿ ಬೇರೆ. ಬರಹದ ಕೆಲಸ ನಿಂತದ್ದಕ್ಕೆ ಅವನು ಸರಿಯಾಗಿ ಕೂರುತ್ತಾನೆ. ಆದರೆ ಲಾಕ್‌ಡೌನ್ ನನ್ನೊಬ್ಬನ ಬುಧನಿಂದ ಬಂದದ್ದಲ್ಲವಲ್ಲ! ಈ ವರ್ಷ ಸಾಕ್ಷಿಯಾಗಿ ತೀರಾ ಹಗುರ.

ಅದಕ್ಕೆ ಹಿಂದೆ 21 ತುಂಬಿದ ವರ್ಷಕ್ಕೆ ಹೋದೆ. ಪ್ರೊಫೆಕ್ಷನ್‌ನಲ್ಲಿ ಅದೂ 10ನೇ ಮನೆ, ಒಡೆಯ ಅವನೇ. 2008ರಲ್ಲಿ ಹುಬ್ಬಳ್ಳಿಯ ಒಂದು ಪ್ರೆಸ್ಸಿಗೆ ಮೊದಲ ಸಲ ಕೆಲಸಕ್ಕೆ ಸೇರಿದ್ದೆ. ಹತ್ತನೇ ಮನೆ ಹೊಂದಿತು. ಆದರೆ ಅದು ಬುಧನ ಪರವಾಗಿಯೂ ಶುಕ್ರನ ಪರವಾಗಿಯೂ ಏನೂ ಹೇಳಲಿಲ್ಲ, ಮನೆ ಎರಡರಲ್ಲೂ ಒಂದೇ ಅಲ್ವಾ. ತಾಜಿಕದಲ್ಲಿ ಹೀಗೆ ಹಿಂದೆ ತಿರುಗಿ ನೋಡೋದು ಕಷ್ಟ. ಪ್ರತಿ ವರ್ಷ ಕುಂಡಲಿ ಹೊಸದು, ಒಡೆಯ ಬೇರೆ.

ನನಗೆ ಪ್ರೊಫೆಕ್ಷನ್ನೇ ಇಷ್ಟ. ಸುಮ್ನೆ ಬೆರಳಲ್ಲಿ ಎಣಿಸಬಹುದು, ತಪ್ಪಿದರೆ ಎಲ್ಲಿ ತಪ್ಪಿತು ಅಂತ ಗೊತ್ತಾಗುತ್ತದೆ. ತಾಜಿಕಕ್ಕೆ ಹುಟ್ಟಿದ ಸಮಯ ಜಾಸ್ತಿ ಖಚಿತ ಬೇಕು. ನನ್ನ ವರ್ಷಪ್ರವೇಶ ಸೂರ್ಯೋದಯಕ್ಕೆ 20 ನಿಮಿಷ ಮೊದಲು. ಅವ್ವನ ಗಡಿಯಾರ ಅಷ್ಟು ಹಿಂದಿದ್ದಿದ್ದರೆ ರಾತ್ರಿ ಹೋಗಿ ಹಗಲಾಗಿ, ಗುರುವಿನ ಎರಡನೇ ಮತ ಶನಿಗೆ ಹೋಗುತ್ತಿತ್ತು. "ಗಡಿಯಾರ ಸರಿ ಇತ್ತಾ?" ಅಂತ ಕೇಳಿದೆ. "ಅದು ಎಂದೂ ಸರಿ ನಡದಿಲ್ಲ" ಅಂದಳು.