ತಿಂಗಳ ಕೊನೆಗೆ ಓವರ್‌ಡ್ರಾಫ್ಟ್ ಬಾಕಿ ಇಳಿಸಿದರೆ ಬಡ್ಡಿ ಇಳಿಯುವುದಿಲ್ಲ: ನನಗಾದ ನಷ್ಟದ ಲೆಕ್ಕ

ಓವರ್‌ಡ್ರಾಫ್ಟ್, ಅಂದರೆ ಓಡಿ ಖಾತೆ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ನನ್ನ ಓಡಿ ಖಾತೆಗೆ ವರ್ಷಕ್ಕೆ 12% ಬಡ್ಡಿ. ತಿಂಗಳ ಕೊನೆಯಲ್ಲಿ ಎಷ್ಟು ಬಾಕಿ ಇರುತ್ತದೋ ಅದರ ಮೇಲೆ 1% ಹಾಕುತ್ತಾರೆ ಅಂತ ನಾನು ನಂಬಿಕೊಂಡಿದ್ದೆ. ಆ ತಿಂಗಳು ನನ್ನ ಬಾಕಿ 1 ಲಕ್ಷ ಇತ್ತು. 5ನೇ ತಾರೀಕು ಇನ್ನೂ 3 ಲಕ್ಷ ತೆಗೆದೆ. ಕೊನೆಯ ವಾರದಲ್ಲಿ 3.5 ಲಕ್ಷ ಕಟ್ಟಿದೆ. ತಿಂಗಳು ಮುಗಿದಾಗ ಉಳಿದದ್ದು ಬರೀ 50 ಸಾವಿರ. 500 ಬಡ್ಡಿ ಬೀಳಬಹುದು ಅಂದುಕೊಂಡೆ. ಬಿದ್ದದ್ದು 3,205.

ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಅನ್ನಿಸಿ ಸ್ಟೇಟ್‌ಮೆಂಟ್ ಹಿಡಿದುಕೊಂಡು ಕೂತೆ. ಆಗ ತಿಳಿಯಿತು, ಬಡ್ಡಿ ಪ್ರತಿ ದಿನ ಲೆಕ್ಕವಾಗುತ್ತದೆ. ದಿನ ಮುಗಿಯುವ ಹೊತ್ತಿಗೆ ಇರುವ ಬಾಕಿಯ ಮೇಲೆ ಆ ದಿನದ ಬಡ್ಡಿ. ತಿಂಗಳ ಕೊನೆಯಲ್ಲಿ ಅದೆಲ್ಲವನ್ನೂ ಕೂಡಿ ಒಂದೇ ಸಲ ಖಾತೆಯಿಂದ ಕಳೆಯುತ್ತಾರೆ. ಒಂದೇ ಸಲ ಕಳೆಯುವುದರಿಂದಲೇ ನನ್ನಂಥವರಿಗೆ ಅದು ತಿಂಗಳ ಕೊನೆಯ ಬಾಕಿಯ ಬಡ್ಡಿ ಅನ್ನಿಸಿಬಿಡುತ್ತದೆ.

ಲೆಕ್ಕ ಕಷ್ಟವೇನಲ್ಲ. ಬಾಕಿ ಎಷ್ಟು ದಿನ ಬದಲಾಗದೆ ಇತ್ತೋ ಅಷ್ಟು ದಿನದಿಂದ ಅದನ್ನು ಗುಣಿಸಬೇಕು. ಎಲ್ಲವನ್ನೂ ಕೂಡಿ, 12ರಿಂದ ಗುಣಿಸಿ, 36,500ರಿಂದ, ಅಂದರೆ 365 ದಿನ ಗುಣಿಸು 100ರಿಂದ, ಭಾಗಿಸಬೇಕು. ಬಾಕಿ ಬದಲಾದ ದಿನ ಹೊಸ ಬಾಕಿಯ ಲೆಕ್ಕಕ್ಕೇ ಸೇರುತ್ತದೆ. ರಜೆಯ ದಿನಗಳನ್ನೂ ಬಿಡುವ ಹಾಗಿಲ್ಲ. ದಿನಗಳನ್ನೆಲ್ಲ ಕೂಡಿದಾಗ ಆ ತಿಂಗಳಲ್ಲಿ ಎಷ್ಟು ದಿನ ಇದೆಯೋ ಅಷ್ಟು, ನನ್ನ ಲೆಕ್ಕದಲ್ಲಿ 30, ಬರಲೇಬೇಕು, ಬರದಿದ್ದರೆ ಎಲ್ಲೋ ಒಂದು ದಿನವನ್ನು ಎರಡು ಸಲ ಎಣಿಸಿದ್ದೀರಿ ಅಥವಾ ಬಿಟ್ಟಿದ್ದೀರಿ.

ಹೀಗೆ ಮಾಡಿದರೂ ನನ್ನ ಲೆಕ್ಕಕ್ಕೆ 2,860 ಬಂತು. ಬ್ಯಾಂಕಿನದಕ್ಕಿಂತ 345 ಕಮ್ಮಿ. ವಿಚಾರಿಸಿದಾಗ ಎರಡನೇ ಪೆಟ್ಟು ಗೊತ್ತಾಯಿತು. ನಾನು ಕಟ್ಟಿದ್ದು ಬೇರೆ ಬ್ಯಾಂಕಿನ ಚೆಕ್. ಸ್ಟೇಟ್‌ಮೆಂಟ್‌ನಲ್ಲಿ 25ನೇ ತಾರೀಕಿಗೇ ಜಮಾ ಅಂತ ಇತ್ತು, ಬ್ಯಾಲೆನ್ಸ್ ಕೂಡ ಇಳಿದಿತ್ತು. ಆದರೆ ಪಕ್ಕದ ಕಾಲಮ್ಮಿನಲ್ಲಿ ವ್ಯಾಲ್ಯೂ ಡೇಟ್ 28. ಚೆಕ್ ಪಾಸಾಗಿ ಹಣ ನಿಜವಾಗಿ ಬಂದ ದಿನ ಅದು. ಬಡ್ಡಿಗೆ ಎಣಿಸುವುದು ಆ ತಾರೀಕನ್ನೇ. ಮೂರು ದಿನ ನಾನು ಸಾಲ ತೀರಿಸಿದ್ದೇನೆ ಅಂದುಕೊಂಡಿದ್ದೆ, ಬಡ್ಡಿ ಮಾತ್ರ ಪೂರ್ತಿ 4 ಲಕ್ಷಕ್ಕೆ ಓಡುತ್ತಿತ್ತು.

ಸರಿಯಾದ ಲೆಕ್ಕ ಇದು: 1 ಲಕ್ಷ 4 ದಿನ, 4 ಲಕ್ಷ 23 ದಿನ, 50 ಸಾವಿರ 3 ದಿನ. ಗುಣಿಸಿ ಕೂಡಿದರೆ 97,50,000. ಸ್ಪ್ರೆಡ್‌ಶೀಟ್‌ನಲ್ಲಿ B ಕಾಲಮ್ಮಿಗೆ ಬಾಕಿ, C ಕಾಲಮ್ಮಿಗೆ ದಿನ ಹಾಕಿ ಇದನ್ನು ಬರೆದರೆ 3,205.48 ಬರುತ್ತದೆ:

```
=SUMPRODUCT(B2:B4,C2:C4)*12/36500
```

ಆ 23 ದಿನವೇ ನನ್ನನ್ನು ತಿಂದದ್ದು. ಹೆಚ್ಚು ಬೇಸರವಾಗಿದ್ದು ಇನ್ನೊಂದಕ್ಕೆ. ಆ 3.5 ಲಕ್ಷ 10ನೇ ತಾರೀಕಿಗೇ ನನ್ನ ಉಳಿತಾಯ ಖಾತೆಗೆ ಬಂದಿತ್ತು. ತಿಂಗಳ ಕೊನೆಗೆ ಕಟ್ಟಿದರಾಯಿತು ಅಂತ ಸುಮ್ನೆ ಅಲ್ಲೇ ಬಿಟ್ಟಿದ್ದೆ. ಅವತ್ತೇ ಆನ್‌ಲೈನಲ್ಲಿ ವರ್ಗಾಯಿಸಿ ಅದೇ ದಿನ ಜಮಾ ಆಗಿದ್ದರೆ, 4 ಲಕ್ಷದ ಬಾಕಿ 5 ದಿನಕ್ಕೇ ಮುಗಿದು ಬಡ್ಡಿ 1,134 ಆಗುತ್ತಿತ್ತು. 2,071 ಉಳಿಯುತ್ತಿತ್ತು. ನಂತರ ಬೇಕಾದಾಗ ಮತ್ತೆ ತೆಗೆಯಬಹುದಿತ್ತು, ಓಡಿ ಇರುವುದೇ ಅದಕ್ಕೆ ಅಲ್ವಾ?

ತಿಂಗಳ ಬಾಕಿಯ ಸರಾಸರಿ ಹಾಕಿ ಬಡ್ಡಿ ನೋಡುವವರಿಗೆ ಒಂದು ಮಾತು. ಖಾತೆ ಕೆಲವು ದಿನ ಪ್ಲಸ್‌ಗೆ ಹೋಗಿದ್ದರೆ ಆ ದಿನಗಳನ್ನು ಸೊನ್ನೆ ಅಂತಲೇ ಬರೆಯಿರಿ. ಪ್ಲಸ್ ಇದ್ದ ದಿನದ ಹಣ, ಬಾಕಿ ಇದ್ದ ದಿನದ ಬಡ್ಡಿಯನ್ನು ಇಳಿಸುವುದಿಲ್ಲ. ಭಾಗಿಸುವ ದಿನಗಳೂ ಎಲ್ಲ ಕಡೆ 365 ಅಲ್ಲ, ಕೆಲವು ಕಡೆ 360 ಇರುತ್ತದೆ. ಹಾಗಿದ್ದರೆ ಬಡ್ಡಿ ಸ್ವಲ್ಪ ಜಾಸ್ತಿಯೇ ಬರುತ್ತದೆ. ಇದು ನಿಮ್ಮ ಸಾಲದ ಕರಾರಿನಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ.

ಬಿದ್ದ ಬಡ್ಡಿಯನ್ನು ಕಟ್ಟದೆ ಬಿಟ್ಟರೆ ಅದೂ ಬಾಕಿಗೆ ಸೇರಿಕೊಳ್ಳುತ್ತದೆ. ಮರುದಿನದಿಂದ ನನ್ನ ಬಡ್ಡಿ ಓಡಲು ಶುರುವಾದದ್ದು 50,000ಕ್ಕಲ್ಲ, 53,205ಕ್ಕೆ. ಮಿತಿಯ ಅಂಚಿನವರೆಗೂ ತೆಗೆದಿರುವವರು ಇದನ್ನು ವಿಶೇಷವಾಗಿ ಗಮನಿಸಿ. ನೀವು ಏನೂ ತೆಗೆಯದಿದ್ದರೂ ಈ ಬಡ್ಡಿ ಒಂದೇ ನಿಮ್ಮನ್ನು ಮಿತಿ ದಾಟಿಸಬಹುದು, ಅದಕ್ಕೆ ಬೇರೆ ದಂಡ ಬೀಳಬಹುದು. ತಿಂಗಳ ಕೊನೆಯ ದಿನಕ್ಕೆ ಮೊದಲೇ ಅಷ್ಟು ಜಾಗ ಖಾಲಿ ಇದೆಯಾ ನೋಡಿಕೊಳ್ಳಿ.