ಅಡುಗೆ ವಿಡಿಯೊಗೆ ಕೆಡೆನ್‌ಲೈವ್: ಕೆಲವು ವರ್ಷ ಬಳಸಿದ ಮೇಲೆ

ನಾನು ಮಾಡುವುದು ಒಂದೇ ಥರದ ವಿಡಿಯೊ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಒಲೆಯ ನೇರ ಮೇಲಿಂದ ಕೆಳಕ್ಕೆ ತೆಗೆಯುವ ಅಡುಗೆ ವಿಡಿಯೊ. ಮುಖ ಕಾಣುವುದಿಲ್ಲ, ಮಾತಿಲ್ಲ. ಕೈ, ಬಾಣಲೆ, ಮೇಲೆ ಒಂದು ಸಾಲು ಅಕ್ಷರ, ಅಷ್ಟೇ. ಇದಕ್ಕೆ ಕೆಲವು ವರ್ಷದಿಂದ ಕೆಡೆನ್‌ಲೈವ್ ಬಳಸುತ್ತಿದ್ದೇನೆ. ಕೆಡಿಇ ಬಳಗದವರು ಮಾಡುವ, ವಿಡಿಯೊ ಎಡಿಟ್ ಮಾಡುವ ಮುಕ್ತ ತಂತ್ರಾಂಶ ಇದು. ದುಡ್ಡಿಲ್ಲ, ವಾಟರ್‌ಮಾರ್ಕ್ ಇಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಸಿಗುತ್ತದೆ. ಹುಡುಕುವಾಗ Kdenlive ಎಂದು ಟೈಪ್ ಮಾಡಿ. ಫೋನಿಗೆ ಮಾತ್ರ ಇದು ಬರುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದವರಿಗೆ ಈ ವಿಮರ್ಶೆ ಉಪಯೋಗವಿಲ್ಲ.

ಎಲ್ಲ ಸವಲತ್ತುಗಳ ಪಟ್ಟಿ ಕೊಡುವುದಿಲ್ಲ. ಈಚೆಗೆ ಮಾಡಿದ ಎಣ್ಣೆಗಾಯಿ ವಿಡಿಯೊವನ್ನೇ ಇಟ್ಟುಕೊಂಡು ಹೇಳುತ್ತೇನೆ. ಮುಕ್ಕಾಲು ಗಂಟೆ ಶೂಟಿಂಗ್ ಇತ್ತು. ಅದನ್ನು ಒಂದೂವರೆ ನಿಮಿಷದ ವರ್ಟಿಕಲ್ ವಿಡಿಯೊಗೆ ಇಳಿಸಬೇಕಿತ್ತು.

ಮೊದಲು ಲ್ಯಾಪ್‌ಟಾಪ್ ವಿಷಯ. ನನ್ನದು ಹಳೆಯದು. ಫೋನಿನ 4ಕೆ ವಿಡಿಯೊ ನೇರ ಹಾಕಿದರೆ ತಡವರಿಸುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಕ್ಲಿಪ್ ಆನ್ ಮಾಡಿದರೆ ಅದೇ ಹಗುರವಾದ ಪ್ರತಿ ತಯಾರಿಸಿಕೊಳ್ಳುತ್ತದೆ. ಕತ್ತರಿಸುವುದು, ಜೋಡಿಸುವುದು ಎಲ್ಲ ಆ ಪ್ರತಿಯ ಮೇಲೆ ನಡೆಯುತ್ತದೆ. ಕೊನೆಗೆ ರೆಂಡರ್ ಮಾಡುವಾಗ, ಅಂದರೆ ಮುಗಿದ ವಿಡಿಯೊ ಹೊರತೆಗೆಯುವಾಗ, ಅಸಲಿ ಕಡತವೇ ಬಳಕೆಯಾಗುತ್ತದೆ. ಹಾಗಾಗಿ ಎಡಿಟ್ ಮಾಡುವಾಗ ಚಿತ್ರ ಮಂಕಾಗಿ ಕಂಡರೆ ಗಾಬರಿ ಬೇಡ. ಇನ್ನೊಂದು, ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು, ಆಗಾಗ ಏರಿಳಿಯುತ್ತಿರುತ್ತದೆ. ಅಂಥ ಕ್ಲಿಪ್ ಹಾಕಿದಾಗ ಎಡಿಟಿಂಗ್‌ಗೆ ಹೊಂದುವ ರೂಪಕ್ಕೆ ಬದಲಿಸಲೇ ಎಂದು ಕೆಡೆನ್‌ಲೈವ್ ಕೇಳುತ್ತದೆ. ಹೂಂ ಅನ್ನಿ. ಬೇಡ ಅಂದರೆ ಉದ್ದದ ಕ್ಲಿಪ್‌ಗಳಲ್ಲಿ ಸದ್ದು ಒಂದು ಕಡೆ, ಚಿತ್ರ ಒಂದು ಕಡೆ ಆಗಬಹುದು.

ಈಗ ವೇಗದ ಮಾತು. ಕ್ಲಿಪ್ ಮೇಲೆ ರೈಟ್ ಕ್ಲಿಕ್ ಮಾಡಿ Change Speed ಒತ್ತಿ 800 ಎಂದು ಹಾಕಿದರೆ ಎಂಟು ಪಟ್ಟು ವೇಗ ಬರುತ್ತದೆ. ಕಂಟ್ರೋಲ್ ಕೀ ಒತ್ತಿಕೊಂಡು ಕ್ಲಿಪ್ಪಿನ ತುದಿ ಎಳೆದರೂ ಅದೇ ಕೆಲಸ. ಇಷ್ಟು ಸುಲಭ ಇರುವುದರಿಂದಲೇ ಎಲ್ಲವನ್ನೂ ಎಂಟು ಪಟ್ಟು ಮಾಡಿಬಿಡುವ ಚಪಲ ಬರುತ್ತದೆ. ಆದರೆ ಒಳಗೆ ನಡೆಯುವುದು ಏನು ಅಂತ ನೋಡಿ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೊದಲ್ಲಿ ಎಂಟಕ್ಕೊಂದು ಫ್ರೇಮ್ ಮಾತ್ರ ಉಳಿಯುತ್ತದೆ, ಉಳಿದದ್ದು ಹೋಗುತ್ತದೆ. ಅಂದರೆ ಒಂದು ಫ್ರೇಮಿಗೂ ಮುಂದಿನದಕ್ಕೂ ನಡುವೆ ನಿಜದಲ್ಲಿ ಕಾಲು ಸೆಕೆಂಡಿಗಿಂತ ತುಸು ಜಾಸ್ತಿ ಅಂತರ. ಈರುಳ್ಳಿ ಹೆಚ್ಚುವ ಚಾಕು ಸೆಕೆಂಡಿಗೆ ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತದೆ. ಒಂದು ಫ್ರೇಮಿನಲ್ಲಿ ಚಾಕು ಮೇಲೆ, ಮುಂದಿನದರಲ್ಲಿ ಕೆಳಗೆ, ಅದರ ಮುಂದಿನದರಲ್ಲಿ ಎಲ್ಲೋ ನಡುವೆ. ಹೆಚ್ಚಿದಂತೆ ಕಾಣುವುದೇ ಇಲ್ಲ, ಕೈ ನಡುಗಿದಂತೆ ಕಾಣುತ್ತದೆ. ಆ ಅಂತರವನ್ನು ಮಸುಕು ಹಾಕಿ ತುಂಬುವ ಕೆಲಸವನ್ನು Change Speed ಮಾಡುವುದಿಲ್ಲ.

ಇದಕ್ಕೆ ನನ್ನ ದಾರಿ ಸರಳ. ಮೊದಲು ಕತ್ತರಿಸಿ, ಆಮೇಲೆ ವೇಗ ಕೊಡಿ. ಮೂರು ನಿಮಿಷ ಈರುಳ್ಳಿ ಹೆಚ್ಚಿದ್ದರೆ ಎಂಟು ಪಟ್ಟಿನಲ್ಲೂ ಅದು ಇಪ್ಪತ್ತೆರಡು ಸೆಕೆಂಡ್. ಯಾರು ನೋಡುತ್ತಾರೆ? ಶುರುವಿನ ಎಂಟು ಸೆಕೆಂಡ್, ಕೊನೆಯ ಎಂಟು ಸೆಕೆಂಡ್ ಉಳಿಸಿ, ಎರಡಕ್ಕೂ ನಾಲ್ಕು ಪಟ್ಟು ವೇಗ ಕೊಟ್ಟರೆ ಒಟ್ಟು ನಾಲ್ಕೇ ಸೆಕೆಂಡ್. ಕೈಯ ಚಲನೆಯೂ ಅರ್ಥವಾಗುತ್ತದೆ. ಬಾಣಲೆಯಲ್ಲಿ ನಿಧಾನಕ್ಕೆ ಬಣ್ಣ ಬದಲಾಗುವ ಕೆಲಸಕ್ಕೆ ಮಾತ್ರ ಎಂಟು, ಹತ್ತು ಪಟ್ಟು ಸರಿ.

ಎಣ್ಣೆಗಾಯಿಯಲ್ಲಿ ಬದನೆಕಾಯಿ ಸೀಳುವುದೇ ಮುಖ್ಯ ಕೆಲಸ. ತೊಟ್ಟು ಬಿಡದ ಹಾಗೆ ಪ್ಲಸ್ ಆಕಾರದಲ್ಲಿ ಸೀಳಬೇಕು, ತಕ್ಷಣ ಉಪ್ಪುನೀರಿಗೆ ಹಾಕಬೇಕು. ಇಲ್ಲದಿದ್ದರೆ ಕಪ್ಪಾಗುತ್ತದೆ. ಮೊದಲನೇ ಬದನೆಕಾಯಿಯನ್ನು ಸಹಜ ವೇಗದಲ್ಲೇ ಬಿಟ್ಟೆ. ಚಾಕು ಎಲ್ಲಿ ನಿಂತಿತು ಅನ್ನುವುದು ಕಾಣಬೇಕಲ್ಲ. ಉಳಿದವನ್ನೆಲ್ಲ ವೇಗಕ್ಕೆ ಹಾಕಿದೆ. ಮಸಾಲೆ ತುಂಬುವಾಗಲೂ ಅದೇ ಲೆಕ್ಕ. ಒಗ್ಗರಣೆಗೆ ಕೈ ಹಾಕಲೇ ಇಲ್ಲ. ಸಾಸಿವೆ ಚಟಪಟ ಅನ್ನುವುದು, ಕರಿಬೇವು ಬಿದ್ದಾಗ ಸುಂಯ್ ಅನ್ನುವುದು, ಇವು ಎಣ್ಣೆ ಎಷ್ಟು ಕಾದಿದೆ ಅಂತ ನೋಡುವವರಿಗೆ ಹೇಳುತ್ತವೆ. ಮಿಕ್ಸಿ ಭಾಗ ಪೂರಾ ತೆಗೆದೆ. ಮೇಲಿಂದ ನೋಡಿದರೆ ಮುಚ್ಚಳ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ ಜಾರಿನಲ್ಲಿ ಬಿದ್ದದ್ದು ಒಂದು ಶಾಟ್, ತರಿತರಿಯಾಗಿ ರುಬ್ಬಿದ ಮಸಾಲೆ ಇನ್ನೊಂದು. ನಡುವೆ ನೇರ ಕಟ್.

ಸದ್ದಿನ ಬಗ್ಗೆ ಒಂದು ಉಪಾಯ. ವೇಗ ಹೆಚ್ಚಿದರೆ ಸದ್ದು ಕೀಚಲಾಗುತ್ತದೆ. ಅಲ್ಲೇ ಪಿಚ್ ಸರಿಮಾಡುವ ಆಯ್ಕೆ ಇದೆ, ಆದರೂ ಕೇಳಲು ಹಿತವಿಲ್ಲ. ನಾನು ಆಡಿಯೊವನ್ನು ಚಿತ್ರದಿಂದ ಬೇರ್ಪಡಿಸಿ ಅಳಿಸಿಬಿಡುತ್ತೇನೆ. ಆ ಜಾಗಕ್ಕೆ ಅದೇ ಕ್ಲಿಪ್ಪಿನ ಸಹಜ ವೇಗದ ಸದ್ದನ್ನು ತಂದು ಹಾಸುತ್ತೇನೆ. ಹುರಿಯುವ, ಕುದಿಯುವ ಸದ್ದು ಒಂದೇ ಸಮ ಇರುವುದರಿಂದ ಚಿತ್ರ ಓಡುತ್ತಿದ್ದರೂ ಕಿವಿಗೆ ತಿಳಿಯುವುದಿಲ್ಲ. ಹೆಚ್ಚುವ ಟಕಟಕಕ್ಕೆ ಮಾತ್ರ ಇದು ಆಗುವುದಿಲ್ಲ, ಪ್ರತಿ ಏಟೂ ತಪ್ಪಿ ಕೇಳಿಸುತ್ತದೆ. ಅಲ್ಲಿ ಸಂಗೀತ ಹಾಕುವುದೇ ವಾಸಿ.

ವೇಗ ಹೆಚ್ಚಿಸಿದಾಗ ಎದ್ದು ಕಾಣುವ ಇನ್ನೊಂದು ದೋಷ ಬೆಳಕಿನ ಮಿಣಮಿಣ. ಸಹಜ ವೇಗದಲ್ಲಿ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಕೈ ಚೌಕಟ್ಟಿನೊಳಗೆ ಬಂದಾಗ, ಹೋದಾಗ ಫೋನು ತಾನೇ ಬೆಳಕು ಏರಿಸಿ ಇಳಿಸಿ ಮಾಡುತ್ತದೆ. ಎಂಟು ಪಟ್ಟಿನಲ್ಲಿ ಇದು ಪಕಪಕ ಹೊಡೆಯುತ್ತದೆ. ಇದನ್ನು ಎಡಿಟಿಂಗ್‌ನಲ್ಲಿ ಸರಿಮಾಡಲು ಹೋಗಬೇಡಿ. ಬೇಕಾದಷ್ಟು ಹೊತ್ತು ಹಿಡಿಯುತ್ತದೆ, ಫಲ ಅರೆಬರೆ. ಶೂಟಿಂಗ್ ಶುರುವಿಗೆ ಮುಂಚೆಯೇ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಪ್ರೊ ಮೋಡ್ ಇದ್ದರೆ ಶಟರನ್ನು 1/50 ಅಥವಾ 1/100ಕ್ಕೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಎಲ್ಇಡಿ ಬಲ್ಬಿನ ಪಟ್ಟೆಗಳೂ ಬರುವುದಿಲ್ಲ. 1/50 ಇಟ್ಟರೆ ಚಲನೆಯಲ್ಲಿ ಸ್ವಲ್ಪ ಮಸುಕು ಸಹಜವಾಗಿ ಬರುತ್ತದೆ, ವೇಗದಲ್ಲಿ ಕೈ ಅಷ್ಟಾಗಿ ನಡುಗದು.

ಇನ್ನು ಅಕ್ಷರ. ಕೆಡೆನ್‌ಲೈವ್ ನನಗೆ ಅಂಟಿಕೊಂಡದ್ದೇ ಈ ಕಾರಣಕ್ಕೆ. ಯೂನಿಕೋಡ್ ಫಾಂಟ್ ಹಾಕಿದರೆ ‘ಬೆಳ್ಳುಳ್ಳಿ’, ‘ಕೊತ್ತಂಬರಿ’, ‘ಒಗ್ಗರಣೆ’ ಎಲ್ಲದರ ಒತ್ತಕ್ಷರವೂ ಸರಿಯಾಗಿ ಕೂರುತ್ತದೆ. ನಾನು ಬಳಸುವುದು ನೋಟೊ ಸಾನ್ಸ್ ಕನ್ನಡ, ಕೆಲವೊಮ್ಮೆ ಬಾಲೂ ತಮ್ಮ. ಎರಡೂ ಉಚಿತ. ದಪ್ಪ ಅಕ್ಷರವನ್ನೇ ಆರಿಸಿ, ತೆಳು ಅಕ್ಷರ ಸಾರಿನ ಮೇಲೆ ಕರಗಿಹೋಗುತ್ತದೆ. ಅಕ್ಷರದ ಹಿಂದೆ ಕಪ್ಪು ಪಟ್ಟಿ ಹಾಕುವುದಾದರೆ ಕೆಳಗಡೆ ಜಾಗ ಜಾಸ್ತಿ ಬಿಡಿ. ಒತ್ತುಗಳು ಕೆಳಕ್ಕೆ ಇಳಿಯುತ್ತವೆ, ‘ಹುಣಸೆಹಣ್ಣು’ ಬರೆದು ನೋಡಿದರೆ ಗೊತ್ತಾಗುತ್ತದೆ.

ಪ್ರತಿ ಸಾಮಗ್ರಿಗೂ ಹೊಸ ಟೈಟಲ್ ಮಾಡುತ್ತಾ ಕೂರಬೇಕಿಲ್ಲ. ಒಂದು ಟೈಟಲ್ ಮಾಡಿ, ಹೆಸರು ಬರುವ ಜಾಗದಲ್ಲಿ `%s` ಎಂದು ಬರೆದು ಉಳಿಸಿ. ಆಮೇಲೆ Add Template Title ಮೂಲಕ ಅದನ್ನೇ ತಂದು ‘ಶೇಂಗಾ, ಅರ್ಧ ಕಪ್’, ‘ಬಿಳಿ ಎಳ್ಳು, 2 ಚಮಚ’ ಎಂದು ತುಂಬುತ್ತಾ ಹೋಗಬಹುದು. ಅಕ್ಷರದ ಗಾತ್ರ, ಬಣ್ಣ, ಜಾಗ ಎಲ್ಲ ಒಂದೇ ಥರ ಇರುತ್ತದೆ. ಹಿಂದಿನ ಪಟ್ಟಿ ಮಾತ್ರ ಅಕ್ಷರದ ಉದ್ದಕ್ಕೆ ತಕ್ಕಂತೆ ಹಿಗ್ಗುವುದಿಲ್ಲ. ಅದಕ್ಕೇ ಅತಿ ಉದ್ದದ ಹೆಸರಿಗೆ ಸಾಲುವಷ್ಟು ಪಟ್ಟಿಯನ್ನು ಮೊದಲೇ ಎಳೆದಿಡಬೇಕು.

ಅಕ್ಷರ ಬರಬೇಕಾದದ್ದು ಸಾಮಗ್ರಿ ಬೀಳುವ ತುಸು ಮುಂಚೆ. ಕಣ್ಣು ಓದಿ ಮುಗಿಸುವ ಹೊತ್ತಿಗೆ ಶೇಂಗಾ ಬಾಣಲೆಗೆ ಬೀಳಬೇಕು. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಇರಲಿ. ವರ್ಟಿಕಲ್ ವಿಡಿಯೊ ಆದರೆ ಕೆಳಭಾಗ, ಬಲಬದಿ ಬಿಟ್ಟುಬಿಡಿ, ಅಲ್ಲಿ ಲೈಕ್ ಬಟನ್ನುಗಳು ಬಂದು ಕೂರುತ್ತವೆ. ಕೆಲಸದ ಕ್ರಮವೂ ಮುಖ್ಯ. ಎಲ್ಲ ಕ್ಲಿಪ್ಪಿನ ವೇಗ ಗಟ್ಟಿಯಾದ ಮೇಲೆ, ನಡುವಿನ ಖಾಲಿ ಜಾಗ Remove Space ಒತ್ತಿ ಮುಚ್ಚಿದ ಮೇಲೆ ಅಕ್ಷರಕ್ಕೆ ಕೈ ಹಾಕಿ. ಅಕ್ಷರ ಹಾಕಿದ ಮೇಲೆ ಕೆಳಗಿನ ಕ್ಲಿಪ್ಪಿನ ವೇಗ ಬದಲಿಸಿದರೆ ಎಳ್ಳಿನ ಹೆಸರು ಕೊಬ್ಬರಿ ಮೇಲೆ ಬಂದಿರುತ್ತದೆ.

ಹೆಸರು, ಅಳತೆಗಿಂತ ಹೆಚ್ಚು ಬೇಕಾದ ಅಕ್ಷರ ಇನ್ನೊಂದಿದೆ. ಅದು ಹೊತ್ತು. ವೇಗ ಹೆಚ್ಚಿಸಿದ ಕೂಡಲೇ ಎಷ್ಟು ನಿಮಿಷ ಹಿಡಿಯಿತು ಅನ್ನುವುದು ಮಾಯವಾಗುತ್ತದೆ. ಶೇಂಗಾ ಹುರಿದದ್ದು ವಿಡಿಯೊದಲ್ಲಿ ನಾಲ್ಕು ಸೆಕೆಂಡ್. ಹೊಸಬರು ಅದನ್ನು ನೋಡಿ ದೊಡ್ಡ ಉರಿ ಇಟ್ಟರೆ ಸಿಪ್ಪೆ ಕರಟುತ್ತದೆ, ಒಳಗೆ ಹಸಿ. ಅದಕ್ಕೆ ‘ಸಣ್ಣ ಉರಿ, 5–6 ನಿಮಿಷ’ ಎಂದು ಬರೆದೆ. ಬದನೆಕಾಯಿ ಮುಚ್ಚಿ ಬೇಯಿಸುವ ಕಾಲು ಗಂಟೆಯನ್ನು ಓಡಿಸಿ ತೋರಿಸಿದರೆ ಕಾಣುವುದು ಬರೀ ತಟ್ಟೆ. ಅಲ್ಲಿ ಮುಚ್ಚಳ ತೆಗೆದ ಮೂರು ಶಾಟ್ ಸಾಕು: ಹಸಿರು ತೊಟ್ಟಿನ ಗಟ್ಟಿ ಕಾಯಿ, ಸುಕ್ಕಾದ ಸಿಪ್ಪೆ, ಅಂಚಿನಲ್ಲಿ ಎಣ್ಣೆ ಬಿಟ್ಟ ಮಸಾಲೆ. ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಕರಗುವ ಬದಲಾವಣೆ, ಮೇಲೆ ‘ಮುಚ್ಚಿ, 15 ನಿಮಿಷ’.

ಕೊನೆಯ ಶಾಟ್‌ಗೆ ಯಾವ ಸಾಫ್ಟ್‌ವೇರೂ ಅರ್ಧಕ್ಕಿಂತ ಹೆಚ್ಚು ಸಹಾಯ ಮಾಡದು. ಎಣ್ಣೆಗಾಯಿ ಮೇಲಿಂದ ನೋಡಿದರೆ ಕಪ್ಪು ಬಾಣಲೆಯಲ್ಲಿ ಕಂದು ಬಣ್ಣದ ಗುಡ್ಡೆ, ಅಷ್ಟೇ. ಬಿಳಿ ಪಿಂಗಾಣಿ ತಟ್ಟೆಗೆ ಬದಲಾಯಿಸಿ, ಪಕ್ಕದಲ್ಲಿ ಜೋಳದ ರೊಟ್ಟಿ, ಹಸಿ ಈರುಳ್ಳಿ ಇಟ್ಟೆ. ಆಗ ಕಾಯಿಗಳ ಆಕಾರ ಬಿಡಿಬಿಡಿಯಾಗಿ ಕಂಡಿತು. ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ ಕಿಟಕಿ ಬೆಳಕು ಬಿಡಿ. ಮೇಲಿನ ಲೈಟು ಎಣ್ಣೆಯಲ್ಲಿ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ಫೋನಿನ ನೆರಳೂ ತಟ್ಟೆ ಮೇಲೆ ಬೀಳುತ್ತದೆ. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಬಣ್ಣವೇ ಇರುವುದಿಲ್ಲ, ಎಡಿಟಿಂಗ್‌ನಲ್ಲಿ ಏನು ಎಳೆದರೂ ಬೂದಿ ಬಣ್ಣ ಬರುತ್ತದೆ. ಲೆನ್ಸ್ ಒರೆಸುವುದನ್ನು ಮರೆಯಬೇಡಿ. ಅಷ್ಟು ಹೊತ್ತು ಹಬೆ ಮೇಲೆ ನಿಂತ ಫೋನಿನ ಗಾಜಿಗೆ ಎಣ್ಣೆ ಪಸೆ ಹತ್ತಿರುತ್ತದೆ. ಇಡೀ ಚಿತ್ರದ ಮೇಲೆ ತೆಳು ಮಂಜು ಇದ್ದಂತೆ ಕಂಡರೆ ಕಾರಣ ಅದೇ.

ಕೆಡೆನ್‌ಲೈವ್‌ನಲ್ಲಿ ನಾನು ಈ ಶಾಟ್‌ಗೆ ಮಾಡುವುದು ಎರಡೇ. Transform ಎಫೆಕ್ಟ್ ಹಾಕಿ, ಶುರುವಿನಲ್ಲಿ ಚಿತ್ರದ ಅಳತೆ ಶೇಕಡಾ ನೂರು, ಕೊನೆಯಲ್ಲಿ ನೂರಾ ಆರು ಎಂದು ಎರಡು ಕೀಫ್ರೇಮ್, ಅಂದರೆ ಬದಲಾವಣೆ ಶುರುವಾಗುವ ಮತ್ತು ಮುಗಿಯುವ ಗುರುತು, ಇಡುತ್ತೇನೆ. ತಟ್ಟೆ ಗೊತ್ತಾಗದಷ್ಟು ನಿಧಾನ ಹತ್ತಿರ ಬರುತ್ತದೆ. ನೂರಾ ಇಪ್ಪತ್ತು ಕೊಟ್ಟರೆ ಜಾಹೀರಾತಿನ ಥರ ಆಗುತ್ತದೆ, ನನಗೆ ಹಿಡಿಸುವುದಿಲ್ಲ. ಇನ್ನೊಂದು, ಐದು ಸೆಕೆಂಡ್ ಹಿಡಿದು ಅದರಲ್ಲಿ ಮೊದಲ ಎರಡು ಸೆಕೆಂಡ್ ಅಕ್ಷರವೂ ಇಲ್ಲ, ಕೈಯೂ ಇಲ್ಲ. ಥಂಬ್‌ನೇಲ್ ಅಲ್ಲಿಂದಲೇ ಸಿಗುತ್ತದೆ. ಆಮೇಲೆ ಕೈ ಬಂದು ಸಹಜ ವೇಗದಲ್ಲಿ ರೊಟ್ಟಿ ಮುರಿದು ಬದನೆಕಾಯಿ ಬಿಡಿಸಬೇಕು. ಒಳಗಿನ ಮಸಾಲೆ ಕಂಡರೆ ಬೆಂದಿದೆ ಅಂತ ಹೇಳುವ ಅಗತ್ಯವೇ ಇಲ್ಲ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಟೈಟಲ್ ಕಿಟಕಿಗೆ. ಅದು ಹಳೇ ಕಾಲದ ಥರ ಇದೆ, ಅಕ್ಷರ ಕುಣಿಸಬೇಕು ಅನ್ನುವವರಿಗೆ ಬೇಜಾರಾಗುತ್ತದೆ. ಮೆನುಗಳೂ ಮೊದಲ ಸಲ ನೋಡುವವರಿಗೆ ಜಾಸ್ತಿಯೇ. ಹೊಸ ಪ್ರಾಜೆಕ್ಟ್ ತೆರೆಯುವಾಗ ವರ್ಟಿಕಲ್ ಎಚ್‌ಡಿ, 30 ಫ್ರೇಮ್ ಪ್ರೊಫೈಲ್ ಆರಿಸಿ, ರೆಂಡರ್‌ನಲ್ಲಿ ಎಂಪಿ4 ಇಡಿ, ಉಳಿದ ಆಯ್ಕೆಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಅಪ್‌ಲೋಡ್ ಮಾಡುವ ಮುಂಚೆ ಒಮ್ಮೆ ಫೋನಿಗೆ ಹಾಕಿಕೊಂಡು ಬಿಸಿಲಿನಲ್ಲಿ ನಿಂತು ನೋಡಿ. ಅಲ್ಲಿ ಓದಲಾಗದ ಅಳತೆ ಇದ್ದರೆ ಅಕ್ಷರ ಇನ್ನೂ ಒಂದು ಸುತ್ತು ದೊಡ್ಡದಾಗಬೇಕು.